ಮೀಟಿಂಗಿಗೆ ಮೊದಲು ಜಪಾನಿ ವಾಕ್ಯವನ್ನು ಕನ್ನಡ ಅಕ್ಷರದಲ್ಲಿ ಬರೆಸಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಉಡುಪಿಯಲ್ಲಿ ಜಪಾನಿ ಭಾಷೆ ಕಲಿಸುತ್ತೇನೆ. ಮಲ್ಪೆ, ಕಾರ್ಕಳ, ಮಂಗಳೂರು ಕಡೆಯಿಂದ ಆಗಾಗ ಫೋನ್ ಬರುತ್ತದೆ. "ಟೀಚರ್, ನಾಡಿದ್ದು ಜಪಾನಿನವರು ಬರ್ತಾರೆ. ಎರಡೇ ಮಾತು ಸಾಕು, ಕನ್ನಡದಲ್ಲಿ ಬರೆದು ಕೊಡಿ" ಅಂತ ಕೇಳುತ್ತಾರೆ. ಎರಡು ಮಾತು ಬರೆಯುವುದು ಐದು ನಿಮಿಷದ ಕೆಲಸ. ಆದರೆ ಚೀಟಿ ನೋಡಿ ಓದಿದವರ ಬಾಯಲ್ಲಿ ಅದು ಜಪಾನಿಯಾಗಿ ಕೇಳಬೇಕಾದರೆ ಬರೆಯುವ ಕ್ರಮ ಸರಿ ಇರಬೇಕು. ಫೋನಿನಲ್ಲಿ ಜಾಸ್ತಿ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಮೊದಲ ಭೇಟಿಗೆ ಯಾವ ಮಾತು ಬರೆಸಿಕೊಳ್ಳಬೇಕು?

ಈ ಎರಡು ಸಾಲು ಸಾಕು. ಶೆಟ್ಟಿ ಇರುವಲ್ಲಿ ನಿಮ್ಮ ಹೆಸರು ಹಾಕಿಕೊಳ್ಳಿ.

```
はじめまして。シェッティと申します。
どうぞよろしくお願いいたします。
```

ಕನ್ನಡದಲ್ಲಿ ನಾನು ಬರೆದುಕೊಡುವುದು ಹೀಗೆ:

ಹಜಿಮೆಮಶ್ತೆ. ಶೆಟ್ಟಿ ತೊ ಮೋಶಿಮಸ್.
ದೋಜ಼ೊ ಯೊರೊಶ್ಕು ಒನೆಗೈ ಇತಶಿಮಸ್.

ಮೊದಲ ಸಾಲಿನ ಅರ್ಥ, "ಇದೇ ಮೊದಲು ನಿಮ್ಮನ್ನು ನೋಡುತ್ತಿರುವುದು, ನನ್ನ ಹೆಸರು ಶೆಟ್ಟಿ" ಅಂತ. ಎರಡನೆಯದನ್ನು ಒಂದೇ ಮಾತಿನಲ್ಲಿ ಕನ್ನಡಕ್ಕೆ ತರುವುದು ಕಷ್ಟ. "ಇನ್ನು ಮುಂದೆ ನಿಮ್ಮ ಸಹಕಾರ, ವಿಶ್ವಾಸ ಇರಲಿ" ಅನ್ನುವ ಭಾವ. ವ್ಯವಹಾರ ಶುರುವಾಗುವಾಗ ಅವರಲ್ಲಿ ಎಲ್ಲರೂ ಹೇಳುವ ಮಾತು ಇದು.

ಒಂದು ಎಚ್ಚರಿಕೆ. ಹಜಿಮೆಮಶ್ತೆ ಅನ್ನುವುದು ಮೊದಲ ಸಲಕ್ಕೆ ಮಾತ್ರ. ಆ ವ್ಯಕ್ತಿಯನ್ನು ಹೋದ ವರ್ಷ ಕಂಡಿದ್ದೀರಿ, ಅವರೊಡನೆ ವ್ಯಾಪಾರ ನಡೆಯುತ್ತಿದೆ ಅಂತಾದರೆ ಅದನ್ನು ಹೇಳಬೇಡಿ. ನಿಮ್ಮನ್ನು ಮರೆತೇ ಬಿಟ್ಟಿದ್ದೇನೆ ಅಂದ ಹಾಗಾಗುತ್ತದೆ. ಆಗ ಹೇಳುವ ಮಾತು "ಒಸೆವ ನಿ ನತ್ತೆ ಒರಿಮಸ್". ನಿಮ್ಮಿಂದ ನಮಗೆ ತುಂಬ ಉಪಕಾರ ಆಗುತ್ತಿದೆ ಅಂತ ಅರ್ಥ.

ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದು ಸಿಗುತ್ತದಲ್ಲ, ಅದನ್ನೇ ನೋಡಿ ಕನ್ನಡಕ್ಕೆ ಇಳಿಸಿದರೆ ಆಗುವುದಿಲ್ಲವೇ?

ಹೆಚ್ಚಿನ ತಪ್ಪು ಹುಟ್ಟುವುದೇ ಅಲ್ಲಿ. ಇಂಗ್ಲಿಷ್ ಅಕ್ಷರದಲ್ಲಿ ಹ್ರಸ್ವ ಯಾವುದು, ದೀರ್ಘ ಯಾವುದು ಅಂತ ಸಾಧಾರಣವಾಗಿ ಕಾಣುವುದಿಲ್ಲ. ಜಪಾನಿಯಲ್ಲಿ ಆ ವ್ಯತ್ಯಾಸದ ಮೇಲೇ ಅರ್ಥ ನಿಂತಿರುತ್ತದೆ. ಒಬಸನ್ ಅಂದರೆ ಚಿಕ್ಕಮ್ಮ ಅಥವಾ ಅತ್ತೆ, ಒಬಾಸನ್ ಅಂದರೆ ಅಜ್ಜಿ. ನಮ್ಮಲ್ಲಿ ಬಳೆ ಬೇರೆ, ಬಾಳೆ ಬೇರೆ ಅಲ್ವಾ, ಹಾಗೆಯೇ.

ನಮ್ಮ ಪತ್ರಿಕೆಗಳಲ್ಲಿ ಬರುವ ಊರ ಹೆಸರುಗಳನ್ನೇ ನೋಡಿ. ಟೋಕಿಯೊ ಅಂತ ಬರೆಯುತ್ತೇವೆ. ಅಲ್ಲಿನವರ ಬಾಯಲ್ಲಿ ಅದು ತೋಕ್ಯೋ. ಎರಡೂ ಓಕಾರ ದೀರ್ಘ, ಮೊದಲ ಅಕ್ಷರ ಹಲ್ಲಿಗೆ ತಾಗುವ ತ. ಒಸಾಕಾ ಅಂತ ಬರೆಯುತ್ತೇವೆ. ಅದು ನಿಜವಾಗಿ ಓಸಕ. ದೀರ್ಘ ಇರಬೇಕಾದಲ್ಲಿ ಹ್ರಸ್ವ, ಹ್ರಸ್ವ ಇರಬೇಕಾದಲ್ಲಿ ದೀರ್ಘ. ಇಂಗ್ಲಿಷ್ ದಾರಿಯಲ್ಲಿ ಸುತ್ತಿ ಬಂದದ್ದರಿಂದ ಹೀಗಾಯಿತು.

ಕನ್ನಡ ಅಕ್ಷರಕ್ಕೆ ಈ ತೊಂದರೆ ಇಲ್ಲ. ಎ ಏ, ಒ ಓ ಎರಡೂ ನಮ್ಮಲ್ಲಿ ಬೇರೆ ಬೇರೆ ಇವೆ. ಹಿಂದಿಯಲ್ಲಿ ಬರೆಯುವವರಿಗೆ ಆ ಅನುಕೂಲ ಇಲ್ಲ. ಹಾಗಾಗಿ ಜಪಾನಿ ಮೂಲದಿಂದ ನೇರವಾಗಿ ಕನ್ನಡಕ್ಕೆ ಬರೆಯಿಸಿಕೊಳ್ಳಿ. ಮಧ್ಯದಲ್ಲಿ ಇಂಗ್ಲಿಷ್ ಬೇಡ.

ಬರೆದು ಕೊಟ್ಟದ್ದು ಸರಿ ಇದೆಯೇ ಅಂತ ಜಪಾನಿ ಬಾರದ ನಾನು ಹೇಗೆ ನೋಡುವುದು?

ಮಾತ್ರೆ ಎಣಿಸಿ ನೋಡಿ. ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲಿ ಲಘು ಗುರು ಹಾಕಿದ್ದು ನೆನಪಿದೆಯೇ? ಅದೇ ಲೆಕ್ಕ. ಹ್ರಸ್ವ ಅಕ್ಷರ ಒಂದು ಮಾತ್ರೆ. ದೀರ್ಘಕ್ಕೆ, ಐ ಔ ಇರುವ ಅಕ್ಷರಕ್ಕೆ, ಅನುಸ್ವಾರ ಇರುವುದಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ, ಕೊನೆಯಲ್ಲಿ ಅರ್ಧಾಕ್ಷರ ಬಂದರೆ ಅದರ ಹಿಂದಿನದಕ್ಕೆ ಎರಡು ಮಾತ್ರೆ.

ಜಪಾನಿ ಮಾತು ನಡೆಯುವುದೂ ಹೀಗೆ ಸಮನಾದ ತುಂಡುಗಳಲ್ಲೇ. ಒಂದೊಂದು ತುಂಡಿಗೆ ಒಂದೇ ಅಳತೆಯ ಕಾಲ. ಅವರ ಅಕ್ಷರದಲ್ಲಿ ಹೆಚ್ಚುಕಡಿಮೆ ಒಂದು ಅಕ್ಷರಕ್ಕೆ ಒಂದು ತುಂಡು. はじめまして ಅಂದರೆ ಆರು ಅಕ್ಷರ, ಆರು ತುಂಡು. ಈಗ ಕನ್ನಡದಲ್ಲಿ ಎಣಿಸಿ:

ಹ 1, ಜಿ 1, ಮೆ 1, ಮಶ್ 2, ತೆ 1. ಒಟ್ಟು 6.

ಸರಿಯಾಗಿ ಕೂತಿತು. ಎರಡನೇ ಸಾಲನ್ನೂ ನೋಡೋಣ. ದೋಜ಼ೊ 3, ಯೊರೊಶ್ಕು 4, ಒನೆಗೈ 4, ಇತಶಿಮಸ್ 5. ಒಟ್ಟು 16. ಜಪಾನಿಯಲ್ಲೂ ಹದಿನಾರೇ ತುಂಡು. ಅಲ್ಲಿ 願 ಬರೆಯಲು ಒಂದೇ ಅಕ್ಷರವಾದರೂ ಓದು ನೆಗ, ಎರಡು ತುಂಡು. ಯಕ್ಷಗಾನದ ಪ್ರಸಂಗ ಕೇಳಿ ಬೆಳೆದವರಿಗೆ ಇನ್ನೊಂದು ಸುಲಭ ಇದೆ. ದೋಜ಼ೊ ಯೊರೊಶ್ಕು ಅಂದರೆ ಮೂರು, ನಾಲ್ಕು. ಭಾಮಿನಿ ಷಟ್ಪದಿಯ ಸಾಲು ಶುರುವಾಗುವುದೂ ಮೂರು ನಾಲ್ಕರ ಗಣದಲ್ಲೇ. ಕೈಯಲ್ಲಿ ತಾಳ ಹಾಕಿಕೊಂಡು ಹೇಳಿ, ನಾಲಿಗೆ ಬೇಗ ಹೊಂದಿಕೊಳ್ಳುತ್ತದೆ.

ಮಲ್ಪೆ ಕಡೆಯ ಒಬ್ಬ ಮೀನು ವ್ಯಾಪಾರದ ಶೆಟ್ರು ನನ್ನ ಹತ್ತಿರ ಬಂದಾಗ ಅವರ ಕಿಸೆಯಲ್ಲಿ ಆಗಲೇ ಒಂದು ಚೀಟಿ ಇತ್ತು. ಯಾರೋ ಇಂಗ್ಲಿಷ್ ನೋಡಿ ಬರೆದುಕೊಟ್ಟದ್ದು. ಅದರಲ್ಲಿ ಹೀಗಿತ್ತು: "ಡೋಜೋ ಯೋರೋಶಿಕೂ ಓನೇಗೈ ಇಟಾಶಿಮಾಸು". ನಾನು ಪೆನ್ಸಿಲ್ ಹಿಡಿದು ಕೆಳಗೆ ಮಾತ್ರೆ ಹಾಕಿದೆ. ಡೋಜೋ 4, ಯೋರೋಶಿಕೂ 7, ಓನೇಗೈ 6, ಇಟಾಶಿಮಾಸು 7. ಒಟ್ಟು 24. ಹದಿನಾರರ ಜಾಗದಲ್ಲಿ ಇಪ್ಪತ್ತನಾಲ್ಕು. "ಎಂಟು ಮಾತ್ರೆ ಜಾಸ್ತಿ ಉಂಟು ಶೆಟ್ರೆ" ಅಂದೆ. ಅವರು ಎರಡನ್ನೂ ಒಂದರ ಹಿಂದೆ ಒಂದು ಹೇಳಿ ನೋಡಿದರು. "ಇದು ಬೇರೆ ಭಾಷೆಯೇ ಆಯ್ತಲ್ಲ ಟೀಚರ್" ಅಂದರು.

ನೀವು ಮಾಡಬೇಕಾದದ್ದೂ ಇಷ್ಟೇ. ಬರೆದುಕೊಟ್ಟವರಿಂದ ಪ್ರತಿ ಪದಕ್ಕೆ ಎಷ್ಟು ತುಂಡು ಅಂತ ಸಂಖ್ಯೆ ಕೇಳಿ ಇಟ್ಟುಕೊಳ್ಳಿ. ಮನೆಯಲ್ಲಿ ಕೂತು ಮಾತ್ರೆ ಹಾಕಿ. ಎರಡೂ ಹೊಂದದಿದ್ದರೆ ಎಲ್ಲೋ ದೀರ್ಘ ಹೆಚ್ಚಾಗಿದೆ ಅಥವಾ ಬಿಟ್ಟುಹೋಗಿದೆ.

ಕೆಲವೊಮ್ಮೆ ಈ ಲೆಕ್ಕ ತಪ್ಪುತ್ತದೆ. ಪದದ ಮೊದಲಲ್ಲೇ ಸ್ವರ ಪಿಸುಗುಟ್ಟಿದ ಹಾಗೆ ಬಂದರೆ ಕನ್ನಡದ ಮಾತ್ರೆ ಕಡಿಮೆ ಆಗುತ್ತದೆ. ಸುಕೊಶಿ ಅಂದರೆ ಸ್ವಲ್ಪ. ಅದು ಕಿವಿಗೆ ಸ್ಕೊಶಿ ಅಂತ ಕೇಳುತ್ತದೆ. ಹಾಗೇ ಬರೆದರೆ ನಮ್ಮ ಲೆಕ್ಕದಲ್ಲಿ ಎರಡೇ ಮಾತ್ರೆ, ಜಪಾನಿಯಲ್ಲಿ ಮೂರು. ಇಂಥಲ್ಲಿ ನಾನು ಸುಕೊಶಿ ಅಂತ ಪೂರ್ತಿ ಬರೆದು, ಸು ಕೆಳಗೆ ಗೆರೆ ಎಳೆದು, "ಇದನ್ನು ಗುಟ್ಟು ಹೇಳುವ ಹಾಗೆ ಹೇಳಿ" ಅಂತ ಪಕ್ಕದಲ್ಲಿ ಬರೆಯುತ್ತೇನೆ.

ಮಶಿತೆ ಅಂತ ಇರುವುದನ್ನು ಮಶ್ತೆ ಅಂತ ಬರೆದಿದ್ದೀರಿ. ಯಾಕೆ?

ಜಪಾನಿ ಅಕ್ಷರದಲ್ಲಿ ಅದು ಮಶಿತೆಯೇ. ಮಾತಿನಲ್ಲಿ ಇ, ಉ ಎರಡು ಸ್ವರ ಕೆಲವು ಕಡೆ ದನಿ ಕಳೆದುಕೊಳ್ಳುತ್ತವೆ. ಕ, ಚ, ತ, ಪ, ಶ, ಸ, ಹ ಇಂಥ ಗಡಸು ಅಕ್ಷರಗಳ ನಡುವೆ ಸಿಕ್ಕಿದಾಗ ಹೀಗಾಗುತ್ತದೆ. ಮಶಿತೆಯಲ್ಲಿ ಶ ಮತ್ತು ತ ನಡುವಿನ ಇ, ಯೊರೊಶಿಕುವಿನಲ್ಲಿ ಶ ಮತ್ತು ಕ ನಡುವಿನ ಇ ಹೀಗೆ ಅಡಗುತ್ತವೆ. ಮೋಶಿಮಸ್ ಅನ್ನುವಲ್ಲಿ ಶಿ ಮುಂದೆ ಮ ಬಂದಿದೆ, ಅಲ್ಲಿ ಇ ಸ್ಪಷ್ಟವಾಗಿ ಕೇಳಬೇಕು. ಆದ್ದರಿಂದ ಒಂದು ಕಡೆ ಶ್, ಇನ್ನೊಂದು ಕಡೆ ಶಿ. ಬರೆದವರ ಕೈತಪ್ಪು ಅಂದುಕೊಂಡು ತಿದ್ದಲು ಹೋಗಬೇಡಿ.

ಕೊನೆಯ ಮಸ್ ಅನ್ನು ಮಸು ಅನ್ನಬೇಕೋ, ಮಸ್ ಅನ್ನಬೇಕೋ?

ಬರೆಯುವುದು ಮಸು, ಹೇಳುವುದು ಮಸ್. ಕನ್ನಡಿಗರಾದ ನಮಗೆ ಕೊನೆಗೆ ಉ ಸೇರಿಸುವ ಅಭ್ಯಾಸ ಗಟ್ಟಿ ಇದೆ. ಬಸ್ಸು, ಕಾರು, ಲಾರಿಗೆ ಟಯರು. ಹಾಗಾಗಿ ಮಸ್ ಅಂತ ಬರೆದರೂ ಕೆಲವರ ಬಾಯಲ್ಲಿ ಮಸ್ಸು ಆಗುತ್ತದೆ. ಒತ್ತು ಬೇರೆ ಸೇರಿ ಇನ್ನೂ ಉದ್ದ ಆಗುತ್ತದೆ.

ತುಳು ಬಲ್ಲವರಿಗೆ ಇಲ್ಲಿ ದೊಡ್ಡ ಅನುಕೂಲ ಇದೆ. ಎಂಕ್, ಇಲ್ಲ್ ಅನ್ನುವಾಗ ಕೊನೆಯಲ್ಲಿ ಒಂದು ಅರ್ಧ ಉಕಾರ ಬರುತ್ತದಲ್ಲ, ತುಟಿ ಗುಂಡಗಾಗದ್ದು. ಜಪಾನಿಯ ಉಕಾರವೂ ಸಾಧಾರಣ ಅದೇ ತರ. ತುಟಿ ಮುಂದೆ ಬರುವುದಿಲ್ಲ. ಯೊರೊಶ್ಕು ಅನ್ನುವಾಗ ಕೊನೆಯ ಕು ಹೀಗೆ ಬರಬೇಕು. ತುಳುವಿನವರಿಗೆ ನಾನು "ಎಂಕ್ ಅನ್ನುವ ಹಾಗೆ ಮುಗಿಸಿ" ಅಂತ ಮಾತ್ರ ಹೇಳುತ್ತೇನೆ. ಬೇರೇನೂ ವಿವರಿಸಬೇಕಾಗುವುದಿಲ್ಲ.

ಜ ಕೆಳಗೆ ಚುಕ್ಕಿ ಯಾಕೆ?

ಕನ್ನಡದಲ್ಲಿ ಆ ಸದ್ದಿಗೆ ಸ್ವಂತ ಅಕ್ಷರ ಇಲ್ಲ. ಕೆಲವರು ಝ ಬರೆಯುತ್ತಾರೆ. ಓದುವವರು ಅದನ್ನು ಮಹಾಪ್ರಾಣ ಮಾಡಿ ದೋಝ್ಹೊ ಅಂತ ಉಸಿರು ಬಿಡುತ್ತಾರೆ. ಅದಕ್ಕೇ ಚುಕ್ಕಿ ಹಾಕಿದ ಜ಼. ಸ ಹೇಳುತ್ತ ಗಂಟಲಲ್ಲಿ ದನಿ ಸೇರಿಸಿದರೆ ಅದು ಬರುತ್ತದೆ. ಮನೆಯಲ್ಲಿ ಕೊಂಕಣಿ ಮಾತಾಡುವವರು ಜಾಯ್ ಅನ್ನುವಾಗಿನ ಜ ಇದಕ್ಕೆ ಹತ್ತಿರ.

ಚುಕ್ಕಿ ಬಿಟ್ಟರೆ ಏನಾಗುತ್ತದೆ? ಹಜಿಮೆಯ ಜಿ ನಮ್ಮ ಜಿಯೇ, ಅದಕ್ಕೆ ಚುಕ್ಕಿ ಬೇಡ. ದೋಜ಼ೊವಿನಲ್ಲಿ ಬೇಕು. ದೀರ್ಘವೂ ಜಾಗ ತಪ್ಪಿ, ಚುಕ್ಕಿಯೂ ಹೋದರೆ ದೊಜೋ ಆಗುತ್ತದೆ. ದೊಜೋ ಅಂದರೆ ಕೆಸರಿನಲ್ಲಿ ಇರುವ ಒಂದು ಸಣ್ಣ ಮೀನಿನ ಹೆಸರು. ಎರಡೂ ದೀರ್ಘ ಆಗಿ ದೋಜೋ ಅಂದರೆ ಕರಾಟೆ ಕಲಿಯುವ ಜಾಗ.

ಚೀಟಿಯನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಕೆಲವು ಹಳೆಯ ಫೋನುಗಳಲ್ಲಿ ಈ ಚುಕ್ಕಿ ಬೇರೆ ಕಡೆ ಹೋಗಿ ಕೂರುತ್ತದೆ. ಕೈಯಲ್ಲಿ ಬರೆದು ಫೋಟೋ ತೆಗೆದು ಕಳಿಸಲು ಹೇಳಿ.

ಹೆಸರಿಗೆ ಗೌರವಕ್ಕೆ ಸೇರಿಸುವ ಮಾತನ್ನು ಸನ್ ಅಂತ ಬರೆಯಬೇಕೋ, ಸಂ ಅಂತಲೋ?

ಪದದ ನಡುವೆ ಅನುಸ್ವಾರ ಚೆನ್ನಾಗಿ ಹೊಂದುತ್ತದೆ. ಅಂಬ, ಅಂಗ, ಅಂದ ಅನ್ನುವಾಗ ಮುಂದಿನ ಅಕ್ಷರ ನೋಡಿ ನಮ್ಮ ಸೊನ್ನೆಯ ಸದ್ದು ಬದಲಾಗುತ್ತದೆ. ಜಪಾನಿಯ ನ್ ಅಕ್ಷರ ん ಕೂಡ ಹಾಗೇ ಬದಲಾಗುತ್ತದೆ. ಜಪಾನಿ ಭಾಷೆಗೆ ನಿಹೊಂಗೊ ಅಂತ ಬರೆದರೆ ಓದು ಸರಿ ಬರುತ್ತದೆ. ಪದದ ಕೊನೆಯಲ್ಲಿ ಮಾತ್ರ ಬೇಡ. ಸಂ ಅಂತ ಬರೆದರೆ ನಾವು ಸಮ್ ಅಂತ ಓದುತ್ತೇವೆ. ಅಲ್ಲಿ ನ್ ಹಾಕಿಸಿ.

ಬರುವವರ ಹೆಸರನ್ನೂ ಬರೆಸಿಕೊಳ್ಳಬೇಕೇ?

ಖಂಡಿತ ಬೇಕು. ವಾಕ್ಯದಲ್ಲಿ ಸ್ವಲ್ಪ ತಪ್ಪಿದರೆ ಅವರು ನಕ್ಕು ಸುಮ್ಮನಾಗುತ್ತಾರೆ. ಹೆಸರು ತಪ್ಪಿದರೆ ಬೇರೆಯವರನ್ನು ಕರೆದ ಹಾಗೆ. ಇಮೇಲಿನಲ್ಲಿ Ono ಅಂತ ಇದ್ದರೆ ಅದು ಒನೊ ಇರಬಹುದು, ಓನೊ ಇರಬಹುದು. ಎರಡೂ ಜಪಾನಿನಲ್ಲಿ ಇರುವ ಮನೆತನದ ಹೆಸರುಗಳು, ಎರಡೂ ಬೇರೆ. ಅವರ ಅಕ್ಷರದಲ್ಲಿ ಮೊದಲನೆಯದು おの, ಎರಡನೆಯದು おおの. ಕೆಲವರು ದೀರ್ಘ ತೋರಿಸಲು Ohno ಅಂತ ಬರೆಯುತ್ತಾರೆ. ಆ ಎಚ್ ಕಂಡರೆ ಓಕಾರ ದೀರ್ಘ ಅಂತ ತಿಳಿಯಿರಿ, ಹಕಾರ ಹೇಳಬೇಡಿ.

ಇಮೇಲಿನಿಂದ ಗೊತ್ತಾಗದಿದ್ದರೆ ಅವರ ಆಫೀಸಿಗೇ ಬರೆದು, ಹೆಸರನ್ನು ಹಿರಗನ ಅಥವಾ ಕತಕನ ಅನ್ನುವ, ಸದ್ದು ತೋರಿಸುವ ಅಕ್ಷರದಲ್ಲಿ ಕಳಿಸಲು ಕೇಳಿ. ಹೀಗೆ ಕೇಳುವುದು ಅವರಲ್ಲಿ ಮಾಮೂಲು. ಅವರವರಲ್ಲೇ ಹೆಸರಿನ ಓದು ತಿಳಿಯಲು ಕೇಳಿಕೊಳ್ಳುತ್ತಾರೆ. ಕರೆಯುವಾಗ ಮನೆತನದ ಹೆಸರಿಗೆ ಸನ್ ಸೇರಿಸಿ, ಓನೊ-ಸನ್ ಅನ್ನಿ. ನಿಮ್ಮ ಸ್ವಂತ ಹೆಸರಿಗೆ ಸನ್ ಸೇರಿಸಬೇಡಿ. ಶೆಟ್ಟಿ-ಸನ್ ತೊ ಮೋಶಿಮಸ್ ಅಂದರೆ ನನ್ನನ್ನು ಶೆಟ್ರು ಅಂತ ಕರೆಯಿರಿ ಅಂದ ಹಾಗೆ.

ಯಾರನ್ನು ಕೇಳಬೇಕು? ಏನೇನು ಕಳಿಸಬೇಕು?

ಕನ್ನಡ ಓದಿ ಬರೆಯಬಲ್ಲ, ಜಪಾನಿ ಕಲಿತವರು ಬೇಕು. ಜಪಾನಿ ಭಾಷಾ ಪರೀಕ್ಷೆಯನ್ನು ಜೆಎಲ್‌ಪಿಟಿ ಅನ್ನುತ್ತಾರೆ. ಅದರಲ್ಲಿ ಎನ್5 ಮೊದಲ ಮೆಟ್ಟಿಲು, ಎನ್1 ಕೊನೆಯದು. ಬೆಂಗಳೂರಿನಲ್ಲಿ ಈ ಪರೀಕ್ಷೆ ನಡೆಯುತ್ತದೆ, ನಮ್ಮ ಕಡೆಯ ಹುಡುಗ ಹುಡುಗಿಯರೂ ಹೋಗಿ ಬರೆಯುತ್ತಾರೆ. ಎನ್4 ದಾಟಿದವರಾದರೆ ಈ ಎರಡು ಸಾಲಿಗೆ ಧಾರಾಳ ಸಾಕು.

ಅವರಿಗೆ "ನಮಸ್ಕಾರ ಹೇಳುವುದು ಬರೆದು ಕೊಡಿ" ಅಂತ ಮಾತ್ರ ಹೇಳಬೇಡಿ. ಮೊದಲ ಭೇಟಿಯೋ ಅಲ್ಲವೋ, ಬರುವವರು ಎಷ್ಟು ಜನ, ಹೆಸರುಗಳೇನು, ನಿಮ್ಮ ಹೆಸರನ್ನು ಹೇಗೆ ಹೇಳಿಕೊಳ್ಳುತ್ತೀರಿ, ಇಷ್ಟು ತಿಳಿಸಿ. ಬದಲಿಗೆ ಮೂರು ಸಾಲು ಬರಲಿ: ಜಪಾನಿ ಮೂಲ, ಕನ್ನಡ ಅಕ್ಷರ, ಪದಕ್ಕೆ ಎಷ್ಟು ತುಂಡು ಅನ್ನುವ ಸಂಖ್ಯೆ. ಜೊತೆಗೆ ಒಂದು ವಾಯ್ಸ್ ಮೆಸೇಜ್, ನಿಧಾನಕ್ಕೆ ಒಂದು ಸಲ, ಮಾಮೂಲು ವೇಗದಲ್ಲಿ ಒಂದು ಸಲ.

ಬರೆದುಕೊಡುವವರಲ್ಲಿ ಒಂದು ಸಾಮಾನ್ಯ ತಪ್ಪು ನಾನು ಕಂಡಿದ್ದೇನೆ. は ಅಕ್ಷರ ಸಾಧಾರಣವಾಗಿ ಹ. ಆದರೆ ಪದದ ಬಾಲಕ್ಕೆ ವಿಭಕ್ತಿಯ ಹಾಗೆ ಬಂದಾಗ ಅದನ್ನು ವ ಅಂತ ಓದಬೇಕು. ಅಕ್ಷರ ನೋಡಿ ಬರೆದವರು ಕೊನ್ನಿಚಿಹ ಅಂತ ಬರೆದುಬಿಡುತ್ತಾರೆ. ಅದು ಕೊನ್ನಿಚಿವ.

ಚೀಟಿ ಕೈಗೆ ಬಂದ ಮೇಲೆ ಏನು ಮಾಡಬೇಕು?

ವಾಯ್ಸ್ ಮೆಸೇಜ್ ಕೇಳುವ ಮೊದಲೇ, ಅದನ್ನು ಕೇಳದ ಇನ್ನೊಬ್ಬರ ಕೈಗೆ ಚೀಟಿ ಕೊಟ್ಟು ಓದಿಸಿ. ಅವರು ಓದಿದ್ದನ್ನು ರೆಕಾರ್ಡ್ ಮಾಡಿ, ಬರೆದುಕೊಟ್ಟವರಿಗೆ ಕಳಿಸಿ. ನೀವೇ ಓದಿದರೆ ಕಿವಿಯಲ್ಲಿ ಕೇಳಿದ್ದು ಬಾಯಿಗೆ ಬರುತ್ತದೆ, ಚೀಟಿಯ ತಪ್ಪು ಅಡಗಿಕೊಳ್ಳುತ್ತದೆ.

ಶೆಟ್ರು ತಮ್ಮ ಮಗನ ಕೈಯಲ್ಲಿ ಓದಿಸಿದರು. ಕಾಲೇಜಿಗೆ ಹೋಗುವ ಹುಡುಗ. ಎರಡು ಕಡೆ ತಪ್ಪಿತು. ಮೋಶಿಮಸ್ಸು ಅಂದ. ಇನ್ನೊಂದು, ಒನೆಗೈ ಇತಶಿಮಸ್ ಅನ್ನುವುದನ್ನು ಕೂಡಿಸಿ ಒನೆಗೈತಶಿಮಸ್ ಅಂದ. ಸ್ವರದ ಪಕ್ಕ ಸ್ವರ ಬಂದರೆ ಸಂಧಿ ಮಾಡುವುದು ನಮ್ಮ ನಾಲಿಗೆಗೆ ಸಹಜ. ಆದರೆ ಒಂಬತ್ತು ಮಾತ್ರೆ ಎಂಟಾಯಿತು. ಅದು ಹುಡುಗನ ತಪ್ಪಲ್ಲ, ನನ್ನ ಚೀಟಿಯ ತಪ್ಪು. ಎರಡು ಪದಗಳ ನಡುವೆ ಒಂದು ನಿಲುಗೆರೆ ಎಳೆದು ಒನೆಗೈ | ಇತಶಿಮಸ್ ಅಂತ ಮಾಡಿದೆ. ಮಸ್ ಮುಂದೆ ಪೂರ್ಣವಿರಾಮ ದೊಡ್ಡದಾಗಿ ಹಾಕಿದೆ. ಮತ್ತೆ ಓದಿಸಿದಾಗ ಎರಡೂ ಸರಿ ಬಂತು. ಅಂದಿನಿಂದ ಎಲ್ಲರ ಚೀಟಿಯಲ್ಲೂ ಆ ಗೆರೆ ಹಾಕುತ್ತೇನೆ.

ಕನ್ನಡ ಅಕ್ಷರದಲ್ಲಿ ಏನು ತೋರಿಸಲು ಆಗುವುದಿಲ್ಲ?

ದನಿಯ ಏರಿಳಿತ. ತೋಕ್ಯೋದ ಮಾತಿನಲ್ಲಿ ಹಶಿ ಅನ್ನುವಾಗ ಹ ಮೇಲಿದ್ದರೆ ಊಟದ ಕಡ್ಡಿ, ಶಿ ಮೇಲಿದ್ದರೆ ಸೇತುವೆ. ಇದಕ್ಕೇ ವಾಯ್ಸ್ ಮೆಸೇಜ್ ಬೇಕು ಅಂದದ್ದು. ನಿಮ್ಮ ಎರಡು ಸಾಲಿಗೆ ಇಷ್ಟು ನೆನಪಿಡಿ. ಹಜಿಮೆಮಶ್ತೆಯಲ್ಲಿ ಹ ಕೆಳಗೆ, ಜಿಮೆಮ ಮೇಲೆ, ಆಮೇಲೆ ಇಳಿಯಿರಿ. ಮಸ್ ಇರುವಲ್ಲೆಲ್ಲ ಮ ಮೇಲೆ, ಅಲ್ಲಿಂದ ಕೆಳಗೆ. ಕೊನೆಯಲ್ಲಿ ದನಿ ಎತ್ತಬೇಡಿ, ಪ್ರಶ್ನೆ ಕೇಳಿದ ಹಾಗಾಗುತ್ತದೆ. ಜೋರಾಗಿ ಒತ್ತಿ ಹೇಳುವುದೂ ಬೇಡ.

ನಾನು ಹೇಳಿದ್ದು ಕೇಳಿ ಅವರು ಜಪಾನಿಯಲ್ಲೇ ಮಾತು ಮುಂದುವರಿಸಿದರೆ?

ಉಚ್ಚಾರ ಚೆನ್ನಾಗಿ ಬಂದರೆ ಹಾಗಾಗುವುದುಂಟು. ಅದಕ್ಕೆ ಮೂರನೇ ಸಾಲು ಒಂದು ಇಟ್ಟುಕೊಳ್ಳಿ: "ನಿಹೊಂಗೊ ವ ಸುಕೊಶಿ ದಕೆ ದೆಸ್". ಜಪಾನಿ ಸ್ವಲ್ಪವೇ ಬರುವುದು ಅಂತ ಅರ್ಥ. ಆಮೇಲೆ ಇಂಗ್ಲಿಷಿಗೆ ಬನ್ನಿ, ಯಾರೂ ಬೇಸರ ಮಾಡುವುದಿಲ್ಲ.

ಮೀಟಿಂಗಿನಲ್ಲಿ ಚೀಟಿ ನೋಡಿ ಓದಬಹುದೇ?

ಓದಬೇಡಿ. ಈ ಮಾತು ವಿಸಿಟಿಂಗ್ ಕಾರ್ಡ್ ಕೊಟ್ಟು ತೆಗೆದುಕೊಳ್ಳುವ ಹೊತ್ತಿಗೆ ಬರುತ್ತದೆ. ಕಾರ್ಡನ್ನು ಎರಡು ಕೈಯಲ್ಲಿ ಹಿಡಿದಿರುತ್ತೀರಿ, ಚೀಟಿಗೆ ಕೈ ಎಲ್ಲಿದೆ? ಮೂರು ದಿನ ಮೊದಲು ಬರೆಸಿಕೊಂಡು, ದಿನಕ್ಕೆ ಹತ್ತು ಸಲ ತಾಳ ಹಾಕಿ ಹೇಳಿದರೆ ಬಾಯಿಪಾಠ ಆಗುತ್ತದೆ. ಶೆಟ್ರು ಮಲ್ಪೆಯಿಂದ ಉಡುಪಿಗೆ ಕಾರಿನಲ್ಲಿ ಬರುವಾಗೆಲ್ಲ ಸ್ಟಿಯರಿಂಗ್ ಮೇಲೆ ಬೆರಳು ಬಡಿದುಕೊಂಡು ಹೇಳುತ್ತಿದ್ದರಂತೆ. ಮೀಟಿಂಗ್ ದಿನ ಸಂಜೆ ಫೋನ್ ಮಾಡಿದರು. "ಟೀಚರ್, ಓನೊ-ಸನ್ ನನ್ನ ಕಾರ್ಡ್ ನೋಡಿ ಶೆಟ್ಟಿ-ಸನ್ ಅಂದ್ರು. ಒತ್ತು ಸಮೇತ ಸರಿಯಾಗಿ ಹೇಳಿದ್ರು ಮಾರಾಯ್ರೆ!" ಶೆಟ್ಟಿಯ ಒತ್ತು ಅವರ ಭಾಷೆಯಲ್ಲೂ ಒಂದು ಪೂರ್ತಿ ತುಂಡು, シェッティ. ಅವರಿಗೂ ಯಾರೋ ಮೊದಲೇ ಬರೆದುಕೊಟ್ಟಿದ್ದಿರಬೇಕು.